ಕೋಷ್ಟಕದಲ್ಲಿ ಖಾಲಿ ಬಿಟ್ಟ ಜಾಗ ಎಂದರೆ ಸೊನ್ನೆಯೇ?

ಹೀಗೊಂದು ಚಿತ್ರ ನಿಮ್ಮ ವಾಟ್ಸಾಪ್ ಗುಂಪಿಗೆ ಬಂತು ಎಂದುಕೊಳ್ಳಿ. ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳ ಪಟ್ಟಿ, ಪಕ್ಕದಲ್ಲಿ 2011ರ ಜನಸಂಖ್ಯೆ. ಹನೂರಿನ ಮುಂದೆ ಮಾತ್ರ 0. ಕೆಳಗೆ ಒಂದು ಸಾಲು: "ನಮ್ಮನ್ನು ಜನಗಣತಿಯಲ್ಲಿ ಎಣಿಸಿಯೇ ಇಲ್ಲ, ಎಲ್ಲರಿಗೂ ಕಳಿಸಿ."

ಓದಿದವರಿಗೆ ಸಿಟ್ಟು ಬರುವುದು ಸಹಜ. ಆದರೆ 2011ರ ಜನಗಣತಿಯ ಹೊತ್ತಿಗೆ ಹನೂರು ತಾಲ್ಲೂಕೇ ಆಗಿರಲಿಲ್ಲ. ಆಗ ಜಿಲ್ಲೆಯಲ್ಲಿದ್ದದ್ದು ನಾಲ್ಕೇ ತಾಲ್ಲೂಕು: ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು, ಕೊಳ್ಳೇಗಾಲ. ಇಂದು ಹನೂರು ತಾಲ್ಲೂಕಿನಲ್ಲಿರುವ ಮಾರ್ಟಳ್ಳಿಯ ಜನರನ್ನು ಅಂದು ಕೊಳ್ಳೇಗಾಲದ ಲೆಕ್ಕಕ್ಕೆ ಸೇರಿಸಲಾಗಿತ್ತು. ಹಾಗಾಗಿ ಹನೂರಿನ ಮುಂದಿನ ಜಾಗ ಖಾಲಿ ಇರಬೇಕಾದ್ದೇ ಸರಿ. ಯಾರೋ ಆ ಖಾಲಿ ಜಾಗಕ್ಕೆ ಸೊನ್ನೆ ತುಂಬಿದ ಕ್ಷಣದಿಂದ ಸುಳ್ಳು ಶುರುವಾಗುತ್ತದೆ.

ಇನ್ನೂ ಹಿಂದಕ್ಕೆ ಹೋದರೂ ಇದೇ ಕಥೆ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲ್ಲೂಕು ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. 1951ರ ಮೈಸೂರು ರಾಜ್ಯದ ಪಟ್ಟಿಯಲ್ಲಿ ಕೊಳ್ಳೇಗಾಲವನ್ನು ಹುಡುಕಿದರೆ ಸಿಗುವುದಿಲ್ಲ. ಅದರ ಲೆಕ್ಕ ಮದ್ರಾಸಿನ ಪುಸ್ತಕದಲ್ಲಿದೆ. ಮಾರ್ಟಳ್ಳಿ ಎಲ್ಲಿಗೂ ಹೋಗಿರಲಿಲ್ಲ, ಗಡಿಗೆರೆ ಮಾತ್ರ ಜಾಗ ಬದಲಿಸಿತು.

ಒಂದೇ ಗುರುತು, ಬೇರೆ ಬೇರೆ ಅರ್ಥ

ಹಳೆಯ ಕೈಬರಹದ ಕೋಷ್ಟಕಗಳಲ್ಲಿ ಮೂರು ವಿಷಯ ನಮ್ಮನ್ನು ಗೊಂದಲಕ್ಕೆ ದೂಡುತ್ತವೆ. ಮೊದಲನೆಯದು ಡಿಟ್ಟೊ ಗುರುತು, ಅಂದರೆ "ಮೇಲಿನದ್ದೇ ಇಲ್ಲೂ". ಎರಡನೆಯದು ಅಡ್ಡಗೆರೆ. ಇದು "ಏನೂ ಇಲ್ಲ" ಎಂದಾಗಬಹುದು, "ಗೊತ್ತಿಲ್ಲ" ಎಂದೂ ಆಗಬಹುದು. ಮೂರನೆಯದು ಖಾಲಿ ಜಾಗ. ಅದು ಬರೆಯಲು ಮರೆತದ್ದೋ, ಅಳೆಯದೆ ಬಿಟ್ಟದ್ದೋ, ಹನೂರಿನಂತೆ ಆ ಸಾಲಿಗೆ ಅನ್ವಯಿಸದ್ದೋ ಇರಬಹುದು.

ಈ ಗೊಂದಲ ಬೇಡವೆಂದೇ ವಿಶ್ವಸಂಸ್ಥೆಯ ಅಂಕಿಅಂಶ ಪುಸ್ತಕಗಳು ಗುರುತುಗಳ ಅರ್ಥವನ್ನು ಮೊದಲೇ ಹೇಳಿಬಿಡುತ್ತವೆ. ಅಲ್ಲಿ ಅಡ್ಡಗೆರೆ ಎಂದರೆ ಸೊನ್ನೆ, ಮೂರು ಚುಕ್ಕಿ ಎಂದರೆ ಮಾಹಿತಿ ಸಿಕ್ಕಿಲ್ಲ. ಊರಿನ ರಿಜಿಸ್ಟರ್ ಬರೆದವರು ಇಂಥ ವಿವರಣೆ ಬರೆದಿಡುವುದು ಅಪರೂಪ. ಅರ್ಥವನ್ನು ನಾವೇ ಪತ್ತೆ ಮಾಡಬೇಕು.

ಐದು ದಿನದ ಮಳೆ, ನಾಲ್ಕು ಉತ್ತರ

ಒಂದು ಮಳೆ ರಿಜಿಸ್ಟರಿನ ಪುಟ ಹೀಗಿದೆ ಎಂದುಕೊಳ್ಳೋಣ. ಅಂಕಿಗಳು ವಿವರಣೆಗಾಗಿ ನಾನೇ ಹಾಕಿಕೊಂಡವು.

| ತಿಂಗಳು | ದಿನ | ಮಳೆ (ಮಿ.ಮೀ.) |
|---|---|---|
| ಅಕ್ಟೋಬರ್ | 10 | 12.0 |
| 〃 | 11 | – |
| 〃 | 12 | 〃 |
| 〃 | 13 | |
| 〃 | 14 | 30.0 |

ಇದನ್ನು ಇದ್ದ ಹಾಗೇ ಮೊಬೈಲಿನ ಶೀಟಿಗೆ ಹಾಕಿ `AVERAGE` ಕೇಳಿದರೆ, ಅದು ಗೆರೆಯನ್ನೂ ಡಿಟ್ಟೊವನ್ನೂ ಅಕ್ಷರ ಎಂದು ಬಿಡುತ್ತದೆ, ಖಾಲಿ ಜಾಗವನ್ನೂ ಬಿಡುತ್ತದೆ. ಉಳಿಯುವುದು 12 ಮತ್ತು 30, ಸರಾಸರಿ 21. ಮೂರಕ್ಕೂ ಸೊನ್ನೆ ಹಾಕಿದರೆ 42ನ್ನು 5ರಿಂದ ಭಾಗಿಸಿ 8.4. ಎಲ್ಲವನ್ನೂ ಡಿಟ್ಟೊ ಎಂದುಕೊಂಡು ಮೇಲಿನ ಅಂಕಿಯನ್ನು ಕೆಳಗೆ ಎಳೆದರೆ 12 ನಾಲ್ಕು ಸಲ ಬಂದು, ಒಟ್ಟು 78, ಸರಾಸರಿ 15.6. ಗೆರೆ ಸೊನ್ನೆ, ಅದರ ಕೆಳಗಿನ ಡಿಟ್ಟೊ ಕೂಡ ಸೊನ್ನೆ, 13ನೇ ದಿನ ಗೊತ್ತಿಲ್ಲ ಎಂದು ಓದಿದರೆ ನಾಲ್ಕು ದಿನಕ್ಕೆ 42, ಅಂದರೆ 10.5.

ಪುಟ ಒಂದೇ. ಆದರೆ "ಬರಗಾಲ" ಎಂದೂ "ಭಾರೀ ಮಳೆ" ಎಂದೂ ಎರಡು ಬೇರೆ ಫಾರ್ವರ್ಡ್‌ಗಳನ್ನು ಇದರಿಂದಲೇ ಹುಟ್ಟಿಸಬಹುದು.

ಸರಿಯಾದ ಅರ್ಥ ತಿಳಿಯುವುದು ಹೇಗೆ?

ಪುಟದ ಕೆಳಗಿನ ಒಟ್ಟು ಮೊತ್ತ ನೋಡುವುದು ಮೊದಲ ಕೆಲಸ. ಅಲ್ಲಿ 42 ಎಂದಿದ್ದರೆ ಡಿಟ್ಟೊ 12 ಅಲ್ಲ ಎಂಬುದು ಖಚಿತ. ಆದರೆ ಈ ಪರೀಕ್ಷೆಗೆ ಒಂದು ಮಿತಿ ಇದೆ. ಸೊನ್ನೆ ಸೇರಿಸಿದರೂ, ಗೊತ್ತಿಲ್ಲದ್ದನ್ನು ಬಿಟ್ಟರೂ ಮೊತ್ತ ಅಷ್ಟೇ ಬರುತ್ತದೆ. ಹಾಗಾಗಿ ಸೊನ್ನೆ ಮತ್ತು "ಅಳೆದಿಲ್ಲ" ಇವೆರಡನ್ನು ಮೊತ್ತ ಬೇರ್ಪಡಿಸಿ ಕೊಡುವುದಿಲ್ಲ.

ಅದಕ್ಕೆ ಬೇರೆ ಸುಳಿವು ಬೇಕು. ಒಂದೇ ಕೈಬರಹದ ಪುಟದಲ್ಲಿ ಗೆರೆಯೂ ಇದೆ, ಖಾಲಿ ಜಾಗವೂ ಇದೆ ಎಂದರೆ ಬರೆದವರು ಬಹುಶಃ ಎರಡಕ್ಕೂ ವ್ಯತ್ಯಾಸ ಇಟ್ಟುಕೊಂಡಿದ್ದರು. ಖಾಲಿ ಜಾಗಗಳು ಭಾನುವಾರ, ಹಬ್ಬದ ದಿನಗಳಲ್ಲೇ ಬರುತ್ತಿದ್ದರೆ ಅಂದು ಯಾರೂ ಅಳೆಯಲು ಬಂದಿಲ್ಲ ಎನ್ನಬಹುದು. ಅಕ್ಕಪಕ್ಕದ ಊರಿನಲ್ಲೆಲ್ಲ ಮಳೆಯಾಗಿ ಇಲ್ಲಿ ಮಾತ್ರ ತಿಂಗಳಿಡೀ ಗೆರೆ ಇದ್ದರೆ, ಮಾಪಕವೇ ಕೆಟ್ಟಿತ್ತೇನೋ ಎಂದು ಅನುಮಾನಿಸಬೇಕು.

ಮಳೆಯ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ನಮ್ಮಲ್ಲಿ ಬೆಳಿಗ್ಗೆ 8:30ಕ್ಕೆ ಅಳೆದು, ಹಿಂದಿನ 24 ಗಂಟೆಯ ಮಳೆಯನ್ನು ಆ ದಿನದ ಲೆಕ್ಕಕ್ಕೆ ಬರೆಯುತ್ತಾರೆ. 13ರಂದು ಯಾರೂ ಅಳೆಯದಿದ್ದರೆ ಮಾಪಕದ ನೀರು ಹಾಗೇ ಉಳಿದು, 14ರ 30 ಮಿ.ಮೀ. ಎರಡು ದಿನದ್ದಾಗಿರಬಹುದು. ಹಾಗಿದ್ದರೆ ಐದು ದಿನದ ಮೊತ್ತ 42 ಸರಿ, ಸರಾಸರಿ 8.4 ಕೂಡ ಸರಿ. "ಒಂದೇ ದಿನ 30 ಮಿ.ಮೀ. ಸುರಿಯಿತು" ಎನ್ನುವುದು ಮಾತ್ರ ತಪ್ಪು. ಆದ್ದರಿಂದ ಈ ಪುಟದ ಬಗ್ಗೆ ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟೆ: ಬರೆದಿಟ್ಟ ಮಳೆ 42 ಮಿ.ಮೀ., 13ರ ಲೆಕ್ಕ ಸಿಕ್ಕಿಲ್ಲ, 14ರ ಅಂಕಿ ಅನುಮಾನ.

ಕಂಪ್ಯೂಟರಿಗೆ ಹಾಕುವಾಗ

ಪುಟದಲ್ಲಿ ಕಂಡದ್ದಕ್ಕೆ ಒಂದು ಕಾಲಂ, ನಾವು ಅರ್ಥ ಮಾಡಿಕೊಂಡ ಅಂಕಿಗೆ ಇನ್ನೊಂದು, ಕಾರಣಕ್ಕೆ ಮತ್ತೊಂದು. ಈ ಮೂರನ್ನು ಬೇರೆ ಇಟ್ಟರೆ ಮುಂದೆ ಯಾರಾದರೂ ನಮ್ಮ ಊಹೆಯನ್ನು ತಿದ್ದಬಹುದು.

```
date,seen,mm,status
10-10,12.0,12.0,read
10-11,DASH,0,nil
10-12,DITTO,0,nil
10-13,BLANK,,not_read
10-14,30.0,30.0,check
```

ಇಲ್ಲಿ ಡಿಟ್ಟೊವನ್ನು `"` ಎಂದು ಟೈಪ್ ಮಾಡದೆ `DITTO` ಎಂದು ಬರೆದದ್ದಕ್ಕೆ ಕಾರಣವಿದೆ. ಇಂಥ ಕಡತದಲ್ಲಿ `"` ಎಂದರೆ "ಇಲ್ಲಿಂದ ಪಠ್ಯ ಶುರು" ಎಂದರ್ಥ. ಅದು ಒಂಟಿಯಾಗಿ ಬಂದರೆ ಮುಂದಿನ ಸಾಲುಗಳು ಒಂದಕ್ಕೊಂದು ಅಂಟಿಕೊಂಡುಬಿಡುತ್ತವೆ. ಡಿಟ್ಟೊ ಅರ್ಥವನ್ನು ತುಂಬುವ ಕೆಲಸವನ್ನು ಸಾಲುಗಳನ್ನು ಅದಲುಬದಲು ಮಾಡುವ ಮೊದಲೇ ಮುಗಿಸಬೇಕು. ಮಳೆ ಪ್ರಮಾಣದ ಪ್ರಕಾರ ಜೋಡಿಸಿದ ಮೇಲೆ "ಮೇಲಿನ ಸಾಲು" ಬೇರೆಯೇ ಆಗಿರುತ್ತದೆ.

ಗೊತ್ತಿಲ್ಲದ ಕಡೆ -9999 ಬರೆಯುವ ಪದ್ಧತಿಯೂ ಇದೆ. ಅಮೆರಿಕದಲ್ಲಿ ಸಂಗ್ರಹಿಸಿ ಪ್ರಕಟಿಸುವ ಜಾಗತಿಕ ದೈನಿಕ ಹವಾಮಾನ ಕಡತ ಜಿ.ಎಚ್.ಸಿ.ಎನ್.ನಲ್ಲಿ ಹೀಗೇ ಇರುತ್ತದೆ. ಅದನ್ನು ತಿಳಿಯದೆ ಸರಾಸರಿ ತೆಗೆದರೆ ಒಂದೇ ಖಾಲಿ ದಿನ ಇಡೀ ತಿಂಗಳ ಲೆಕ್ಕ ಹಾಳು ಮಾಡುತ್ತದೆ. ಮಳೆ ಮೈನಸ್‌ನಲ್ಲಿ ಕಂಡರೆ ತಪ್ಪು ಗೊತ್ತಾಗುತ್ತದೆ. ಸೊನ್ನೆಯಾಗಿ ಕಂಡರೆ ಯಾರಿಗೂ ಅನುಮಾನ ಬರುವುದಿಲ್ಲ. ಅದಕ್ಕೇ ಸೊನ್ನೆಯ ತಪ್ಪು ಹೆಚ್ಚು ಅಪಾಯಕಾರಿ.

ಫಾರ್ವರ್ಡ್ ಮಾಡುವ ಮುನ್ನ

ಯಾವುದೇ ಪಟ್ಟಿಯಲ್ಲಿ ನಿಮ್ಮ ಊರಿನ ಮುಂದೆ 0 ಕಂಡರೆ ಮೂಲ ಪಟ್ಟಿಯ ಅದೇ ಜಾಗದಲ್ಲಿ ಏನಿದೆ ನೋಡಿ: ಬರೆದ ಸೊನ್ನೆಯೋ, ಗೆರೆಯೋ, ಖಾಲಿಯೋ? ಆ ಗುರುತಿನ ಅರ್ಥ ಅಡಿಟಿಪ್ಪಣಿಯಲ್ಲಿದೆಯೇ? ಆ ವರ್ಷ ನಿಮ್ಮ ಊರು ಯಾವ ತಾಲ್ಲೂಕು, ಯಾವ ಜಿಲ್ಲೆ, ಯಾವ ರಾಜ್ಯದಲ್ಲಿತ್ತು? ಮಾರ್ಟಳ್ಳಿಯವರು ಕೊನೆಯ ಪ್ರಶ್ನೆಯನ್ನು ಮೊದಲು ಕೇಳಿಕೊಂಡರೆ, ಹನೂರಿನ ಮುಂದಿನ ಆ ಸೊನ್ನೆ ಅಲ್ಲೇ ಬಿದ್ದುಹೋಗುತ್ತದೆ.