ಕೆಲಸ ತರುವುದು ಎರಡನೇ ಉತ್ತರ

ನೊಯ್ಡಾದ ಕಂಪನಿ ಕೆಲಸ ಬಿಟ್ಟು, ನಿಧಾನವಾದ ಡೇಟಾಬೇಸ್‌ಗಳನ್ನು ಸರಿಪಡಿಸುವ ಕೆಲಸವನ್ನು ಒಬ್ಬನೇ ಶುರುಮಾಡಿದಾಗ ಜಾಹೀರಾತಿಗೆ ದುಡ್ಡಿರಲಿಲ್ಲ. ಬೆಳಿಗ್ಗೆ ಕಾಫಿಯ ಜೊತೆ 20 ನಿಮಿಷ ಲಿಂಕ್ಡ್‌ಇನ್‌ನಲ್ಲಿ ಬೇರೆಯವರ ಪೋಸ್ಟ್‌ಗಳಿಗೆ ಕಾಮೆಂಟ್ ಬರೆಯುವುದೇ ನನ್ನ ಪ್ರಚಾರ. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಸಿಕ್ಕ ಗೆಳೆಯನೊಬ್ಬ ‘ಅದರಿಂದ ಹೊಟ್ಟೆ ತುಂಬುತ್ತೇನೋ?’ ಎಂದ. ಮೊದಲ ಎರಡು ತಿಂಗಳು ನಿಜಕ್ಕೂ ತುಂಬಲಿಲ್ಲ.

ಆಗ ನಾನು ಬರೆಯುತ್ತಿದ್ದದ್ದು ನನ್ನಂಥ ಎಂಜಿನಿಯರುಗಳ ಪೋಸ್ಟ್‌ಗಳಿಗೆ. ಲೈಕ್ ಬಂದವು, ಪ್ರೊಫೈಲ್ ನೋಡಿದವರ ಸಂಖ್ಯೆಯೂ ಏರಿತು. ಆದರೆ ನೋಡಿದವರಲ್ಲಿ ಬಹುತೇಕರು ನಾನು ಮಾಡುವ ಕೆಲಸವನ್ನು ತಾವೇ ಮಾಡಿಕೊಳ್ಳಬಲ್ಲವರು. ಅಡುಗೆಭಟ್ಟರ ಬೀದಿಯಲ್ಲಿ ಊಟ ಮಾರಲು ಕೂತ ಹಾಗಾಗಿತ್ತು. ಆಮೇಲೆ ಓಖ್ಲಾ, ಫರೀದಾಬಾದ್ ಕಡೆಯ ಸಣ್ಣ ಕಾರ್ಖಾನೆಗಳ ಲೆಕ್ಕಪತ್ರದವರು, ಗೋದಾಮು ನೋಡಿಕೊಳ್ಳುವವರು ಹೀಗೆ ನಲವತ್ತು ಜನರ ಪಟ್ಟಿ ಮಾಡಿಕೊಂಡೆ.

ಈಗ ಮೊದಲ ಎಂಟು ನಿಮಿಷ ನಿನ್ನೆ ನನಗೆ ಬಂದ ಪ್ರತಿಕ್ರಿಯೆಗಳಿಗೆ ಉತ್ತರ. ಉಳಿದ ಹನ್ನೆರಡರಲ್ಲಿ ಮೂರೇ ಹೊಸ ಕಾಮೆಂಟ್. ಈ ಕ್ರಮ ತಿರುಗುಮುರುಗಾಗಬಾರದು. ಹೊಸದು ಬರೆಯುವುದು ಸುಲಭ, ಹಾಗಾಗಿ ಹಳೆಯದಕ್ಕೆ ಉತ್ತರಿಸುವುದು ಯಾವಾಗಲೂ ನಾಳೆಗೆ ಬೀಳುತ್ತದೆ. ಕೆಲಸ ಸಿಗುವುದು ಮಾತ್ರ ಅಲ್ಲೇ.

ಒಮ್ಮೆ ಒಬ್ಬ ಅಕೌಂಟೆಂಟ್, ‘ತಿಂಗಳ 11ಕ್ಕೆ ಜಿಎಸ್‌ಟಿಆರ್-1 ಕೊಡಬೇಕು, ಮಾರಾಟದ ವರದಿ ತೆರೆಯಲು ಅರ್ಧ ಗಂಟೆ ಹಿಡಿಯುತ್ತಿದೆ’ ಎಂದು ಬರೆದಿದ್ದರು. ಕೆಳಗೆ ‘ತುಂಬಾ ನಿಜ ಸರ್‌ಜೀ’ಗಳ ಸಾಲೇ ಇತ್ತು. ನಾನು ಒಂದು ಪ್ರಶ್ನೆ ಮಾತ್ರ ಕೇಳಿದೆ: ಒಂದೇ ದಿನದ ವರದಿ ಬೇಗ ಬರುತ್ತದೆಯೇ? ಬರುತ್ತದೆ ಎಂದರು. ತಿಂಗಳ ವರದಿಯ ಕ್ವೆರಿಯಲ್ಲಿ ದಿನಾಂಕವನ್ನು `to_char(bill_date, 'YYYY-MM')` ಎಂದು ಅಕ್ಷರವಾಗಿಸಿ ಹೋಲಿಸುತ್ತಿರಬಹುದು, ಆಗ ದಿನಾಂಕದ ಮೇಲಿನ ಸಾಮಾನ್ಯ ಇಂಡೆಕ್ಸ್ ಉಪಯೋಗಕ್ಕೆ ಬರುವುದಿಲ್ಲ, ‘ಒಂದನೇ ತಾರೀಖಿನಿಂದ ಮುಂದಿನ ತಿಂಗಳ ಒಂದಕ್ಕಿಂತ ಮೊದಲು’ ಎಂದು ಬರೆಸಿ ನೋಡಿ ಎಂದೆ. ಅವರ ಸಾಫ್ಟ್‌ವೇರಿನವರು ಬದಲಿಸಿದರು, ವರದಿ ನಿಮಿಷದೊಳಗೆ ಬಂತು. ಅವರಿಂದ ನನಗೆ ಒಂದು ರೂಪಾಯಿಯೂ ಬರಲಿಲ್ಲ. ಆದರೆ ಆ ಸಂಭಾಷಣೆ ಓದಿದ್ದ ಇನ್ನೊಂದು ಕಾರ್ಖಾನೆಯವರು ‘ನಮ್ಮದೂ ನೋಡ್ತೀರಾ?’ ಎಂದು ಖಾಸಗಿಯಾಗಿ ಬರೆದರು. ಮೊದಲ ಕಾಮೆಂಟ್ ನನ್ನ ಹೆಸರು ತೋರಿಸಿತ್ತು. ನಾನು ಹೇಗೆ ಯೋಚಿಸುತ್ತೇನೆಂದು ತೋರಿಸಿದ್ದು ಎರಡನೆಯದು.

ಕಾಮೆಂಟಿನಲ್ಲಿ ಕೆಲಸ ಕೇಳುವುದಿಲ್ಲ. ಯಾರಾದರೂ ಗಿರಾಕಿಗಳ ಹೆಸರಿರುವ ಸ್ಕ್ರೀನ್‌ಶಾಟ್ ಹಾಕಿದರೆ, ಉತ್ತರಕ್ಕೆ ಮೊದಲು ಅದನ್ನು ತೆಗೆಯಲು ಹೇಳುತ್ತೇನೆ. ಪರಸ್ಪರ ಕಾಮೆಂಟ್ ಹಾಕಿಕೊಳ್ಳುವ ವಾಟ್ಸ್‌ಆ್ಯಪ್ ಗುಂಪುಗಳಿಗೂ ಸೇರಿಲ್ಲ. ಅಲ್ಲಿ ಏರುವುದು ಅಂಕಿ ಮಾತ್ರ.

ಭಾನುವಾರ ನೋಟ್‌ಬುಕ್ಕಿನಲ್ಲಿ ಎಣಿಸುವುದು ಎರಡನ್ನೇ: ಎಷ್ಟು ಜನ ತಿರುಗಿ ಉತ್ತರಿಸಿದರು, ಎಷ್ಟು ಜನ ಖಾಸಗಿಯಾಗಿ ಕೇಳಿದರು. ಎರಡು ವಾರ ಎರಡೂ ಸೊನ್ನೆಯಾದರೆ ಪಟ್ಟಿಯ ಹತ್ತು ಹೆಸರು ಬದಲಿಸುತ್ತೇನೆ. ಕಳೆದ ಭಾನುವಾರ ನಾಲ್ಕು ಮತ್ತು ಒಂದು. ಆ ಒಬ್ಬರು ಇನ್ನೂ ದರದ ಬಗ್ಗೆ ಚೌಕಾಸಿ ಮಾಡುತ್ತಿದ್ದಾರೆ.