ಬಿಟ್ಟ ಸ್ಥಳವೇ ಉತ್ತರ ಹೇಳಿಕೊಟ್ಟರೆ?

ಕಳೆದ ತಿಂಗಳು ನನ್ನ ತಂಗಿಯ ಮಗಳು ಮನೆಗೆ ಬಂದಿದ್ದಳು. ನರ್ಸಿಂಗ್ ಮುಗಿಸಿದ್ದಾಳೆ, ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಬೇಕೆಂದು ಆ ದೇಶದ ಭಾಷೆ ಕಲಿಯುತ್ತಿದ್ದಾಳೆ. ನಾನೂ ನಿವೃತ್ತಿಯ ನಂತರ ನಾಲ್ಕು ವರ್ಷ ಕುತೂಹಲಕ್ಕೆಂದು ಜರ್ಮನ್ ಕಲಿತವನಾದ್ದರಿಂದ ತನ್ನ ನೋಟ್‌ಬುಕ್ಕನ್ನು ನನ್ನ ಮುಂದಿಟ್ಟಳು. "ಮಾವ, ಇದನ್ನು ನೋಡಿ. ಬಿಟ್ಟ ಸ್ಥಳ ತುಂಬುವುದರಲ್ಲಿ ಹತ್ತಕ್ಕೆ ಹತ್ತು. ಸ್ವಂತವಾಗಿ ಬರೆದರೆ ಮಾತ್ರ ಎಲ್ಲ ತಪ್ಪು. ನನಗೆ ಈ ಭಾಷೆ ಬರುವುದಿಲ್ಲವೇನೋ" ಎಂದಳು. ತಪ್ಪಾದ ಪುಟದ ಅಂಚಿನಲ್ಲಿ ಅವಳ ಅಧ್ಯಾಪಕರು ಕೆಂಪು ಶಾಯಿಯಲ್ಲಿ 'ಅಜಾಗರೂಕತೆ' ಎಂದು ಬರೆದಿದ್ದರು.

ನೋಟ್‌ಬುಕ್ಕನ್ನು ಓದಿದ ಮೇಲೆ ನನಗೆ ಅನಿಸಿದ್ದು, ಅಜಾಗರೂಕತೆ ಹುಡುಗಿಯದಲ್ಲ, ಪ್ರಶ್ನೆಪತ್ರಿಕೆಯದು ಎಂದು.

ವಿಷಯ ಹೀಗಿದೆ. ಜರ್ಮನ್ ಭಾಷೆಯಲ್ಲಿ ಬೇರ್ಪಡುವ ಕ್ರಿಯಾಪದಗಳೆಂಬ ಒಂದು ವರ್ಗವಿದೆ. 'ಔಫ್‌ಶ್ಟೇಹೆನ್' ಎಂದರೆ ಏಳುವುದು. ಇದರಲ್ಲಿ 'ಔಫ್' ಉಪಸರ್ಗ, 'ಶ್ಟೇಹೆನ್' ಮೂಲ ಕ್ರಿಯೆ. ವರ್ತಮಾನಕಾಲದ ವಾಕ್ಯದಲ್ಲಿ ಇವೆರಡೂ ಬೇರೆಯಾಗುತ್ತವೆ. 'ನಾನು ಆರು ಗಂಟೆಗೆ ಏಳುತ್ತೇನೆ' ಎನ್ನಲು 'ಇಷ್ ಶ್ಟೇಹೆ ಉಮ್ ಜೆಕ್ಸ್ ಊರ್ ಔಫ್' ಎನ್ನಬೇಕು. ಕ್ರಿಯೆ ಎರಡನೆಯ ಸ್ಥಾನಕ್ಕೆ ಹೋಗುತ್ತದೆ, ಉಪಸರ್ಗ ಕೊನೆಯಲ್ಲಿ ಉಳಿಯುತ್ತದೆ.

ಪ್ರಶ್ನೆಪತ್ರಿಕೆಯಲ್ಲಿ ಇದನ್ನು ಹೀಗೆ ಕೊಟ್ಟಿದ್ದರು:

ಇಷ್ ____ ಉಮ್ ಜೆಕ್ಸ್ ಊರ್ ____ . (ಔಫ್‌ಶ್ಟೇಹೆನ್)

ಎರಡು ಗೆರೆಗಳನ್ನು ನೋಡಿದೊಡನೆ ಇದು ಬೇರ್ಪಡುವ ಪದವೆಂದು ತಿಳಿಯುತ್ತದೆ. ಉಪಸರ್ಗದ ಜಾಗವನ್ನೂ ಗೆರೆಯೇ ತೋರಿಸಿಬಿಡುತ್ತದೆ. ವಿದ್ಯಾರ್ಥಿನಿಗೆ ಉಳಿಯುವುದು ಪದವನ್ನು ಎರಡಾಗಿ ಕತ್ತರಿಸುವ ಕೆಲಸವೊಂದೇ. ಅಳೆಯಬೇಕಾದ ಜ್ಞಾನವನ್ನು ಪ್ರಶ್ನೆಯೇ ಬಿಟ್ಟುಕೊಡಬಾರದೆಂದು ನಮಗೆ ಬಿ.ಎಡ್. ತರಗತಿಯಲ್ಲಿ ಹೇಳಿಕೊಟ್ಟಿದ್ದರು. ಇಲ್ಲಿ ಆಗಿರುವುದು ಅದೇ. ಗೆರೆಯ ಆಸರೆ ಇಲ್ಲದೆ ತನ್ನ ದಿನಚರಿ ಬರೆಯುವಾಗ ಅವಳು 'ಇಷ್ ಔಫ್‌ಶ್ಟೇಹೆ ಉಮ್ ಜೆಕ್ಸ್ ಊರ್' ಎಂದು ಬರೆದಳು. ಅವಳು ಸ್ಥಾನವನ್ನು ಮರೆತದ್ದಲ್ಲ. ಅದನ್ನು ಯಾರೂ ಅವಳಿಂದ ಕೇಳಿಯೇ ಇರಲಿಲ್ಲ.

ಭೂತಕಾಲದ ವಾಕ್ಯ ಇನ್ನೂ ಕೆಟ್ಟಿತ್ತು. 'ನಿನ್ನೆ ನಾನು ಏಳು ಗಂಟೆಗೆ ಎದ್ದೆ' ಎನ್ನಲು ಅವಳು 'ಗೆಸ್ಟರ್ನ್ ಹಾಬೆ ಇಷ್ ಉಮ್ ಜೀಬೆನ್ ಊರ್ ಗೆಔಫ್‌ಶ್ಟಾಂಡೆನ್' ಎಂದು ಬರೆದಿದ್ದಳು. ಇದರಲ್ಲಿ ಎರಡು ತಪ್ಪುಗಳಿವೆ. ಏಳುವುದು ಸ್ಥಿತಿಯ ಬದಲಾವಣೆಯಾದ್ದರಿಂದ ಸಹಾಯಕ ಕ್ರಿಯೆ 'ಹಾಬೆ' ಅಲ್ಲ, 'ಬಿನ್' ಆಗಬೇಕು. ಭೂತಕೃದಂತದ ಗುರುತಾದ 'ಗೆ' ಪದದ ಮುಂದೆ ಬರುವುದಿಲ್ಲ, ಉಪಸರ್ಗಕ್ಕೂ ಧಾತುವಿಗೂ ನಡುವೆ ಸೇರುತ್ತದೆ: ಔಫ್-ಗೆ-ಶ್ಟಾಂಡೆನ್. ಬರೆಯುವಾಗ ಇಡಿಯಾಗಿ ಒಂದೇ ಪದ.

ನಾನು ಅವಳಿಗೆ ಹೇಳಿದ್ದು ಇಷ್ಟೇ: "ಕೊನೆಯ ಜಾಗವನ್ನು ಮೊದಲು ತುಂಬು." ನಾವು ಕನ್ನಡಿಗರು ಕ್ರಿಯಾಪದವನ್ನು ವಾಕ್ಯದ ಕೊನೆಯಲ್ಲಿಡುವವರು. ಜರ್ಮನ್ ಕ್ರಿಯೆಯ ಮನೆಯೂ ವಾಕ್ಯದ ಕೊನೆಯಲ್ಲೇ ಇದೆ ಎಂದು ತಿಳಿದುಕೊಂಡರೆ ಅರ್ಧ ಕಷ್ಟ ತೀರಿತು. ವರ್ತಮಾನದಲ್ಲಿ 'ಶ್ಟೇಹೆ' ಎರಡನೆಯ ಸ್ಥಾನಕ್ಕೆ ಹೊರಡುತ್ತದೆ, 'ಔಫ್' ಮನೆ ಕಾಯುತ್ತದೆ. ಭೂತಕಾಲದಲ್ಲಿ ಹೊರಗಿನ ಕೆಲಸಕ್ಕೆ 'ಬಿನ್' ಹೋಗುವುದರಿಂದ ಇಡೀ ಕ್ರಿಯೆ ಮನೆಯಲ್ಲೇ ಒಂದಾಗಿ ಉಳಿಯುತ್ತದೆ. 'ಏಕೆಂದರೆ' ಎಂಬ ಅರ್ಥದ 'ವೈಲ್' ಎಂದು ಉಪವಾಕ್ಯ ಆರಂಭಿಸಿದರಂತೂ ಯಾರೂ ಹೊರಡುವುದಿಲ್ಲ: 'ವೈಲ್ ಇಷ್ ಉಮ್ ಜೆಕ್ಸ್ ಊರ್ ಔಫ್‌ಶ್ಟೇಹೆ'. ಪದಗಳ ಅನುಕ್ರಮ ಇಲ್ಲಿ ನಮ್ಮ ಕನ್ನಡದಂತೆಯೇ ಆಗಿಬಿಡುತ್ತದೆ. ಆದರೆ ನಮ್ಮ ಮಕ್ಕಳಿಗೆ ಇದನ್ನೆಲ್ಲ ಇಂಗ್ಲಿಷಿನ ಮೂಲಕ ಹೇಳಿಕೊಡುತ್ತಾರೆ. ಇಂಗ್ಲಿಷಿನಲ್ಲಿ 'ಗೆಟ್ ಅಪ್' ಎಂಬುದರ ಎರಡು ತುಂಡುಗಳು ಪಕ್ಕಪಕ್ಕದಲ್ಲೇ ನಿಲ್ಲುವುದರಿಂದ 'ಶ್ಟೇಹೆ ಔಫ್ ಉಮ್ ಜೆಕ್ಸ್ ಊರ್' ಎಂದು ಬರೆಯುವ ಇನ್ನೊಂದು ತಪ್ಪು ಹುಟ್ಟುತ್ತದೆ.

'ಗೆ' ಎಲ್ಲಿ ಸೇರಬೇಕೆಂಬುದಕ್ಕೆ ಸಂಸ್ಕೃತ ಓದಿದವರ ಬಳಿ ಒಳ್ಳೆಯ ಕೀಲಿಕೈ ಇದೆ. 'ಉತ್ತಿಷ್ಠತಿ' ಎಂದರೆ ಏಳುತ್ತಾನೆ. ಇದರ ಲಙ್ ಲಕಾರದ ರೂಪ 'ಉದತಿಷ್ಠತ್'. ಭೂತಕಾಲವನ್ನು ಸೂಚಿಸುವ 'ಅ' ಇಡೀ ಪದದ ಮುಂದೆ ಬರದೆ 'ಉತ್' ಎಂಬ ಉಪಸರ್ಗವನ್ನು ದಾಟಿ ಧಾತುವಿನ ಮುಂದೆ ಸೇರಿದೆ. 'ಔಫ್-ಗೆ-ಶ್ಟಾಂಡೆನ್' ಕಟ್ಟಿಕೊಂಡಿರುವುದು ಇದೇ ರೀತಿಯಲ್ಲಿ. 'ಅ' ಮತ್ತು 'ಗೆ' ಒಂದೇ ಮೂಲದವಲ್ಲ. ಆದರೆ 'ಸ್ಥಾ' ಮತ್ತು 'ಶ್ಟೇಹೆನ್' ನಿಜವಾಗಿಯೂ ದಾಯಾದಿಗಳು. ವೇದಭಾಷೆಯಲ್ಲಿಯೂ ಉಪಸರ್ಗವು ಕ್ರಿಯೆಯನ್ನು ಬಿಟ್ಟು ದೂರ ನಿಲ್ಲಬಹುದಾಗಿತ್ತು. ಪಾಣಿನಿ ಅದನ್ನು ಗುರುತಿಸಿದ್ದಾನೆ. ಇದನ್ನು ಕೇಳಿದ ಮೇಲೆ ಹುಡುಗಿ ಮತ್ತೆ 'ಗೆಔಫ್' ಎಂದು ಬರೆಯಲಿಲ್ಲ.

ಹಾಗಾದರೆ ಬಿಟ್ಟ ಸ್ಥಳದ ಪ್ರಶ್ನೆಯೇ ಬೇಡವೆ? ನಾನು ಹಾಗೆನ್ನುವುದಿಲ್ಲ. ನಲವತ್ತು ಉತ್ತರಪತ್ರಿಕೆಗಳನ್ನು ರಾತ್ರಿಯೆಲ್ಲ ತಿದ್ದಿದವನಿಗೆ ಅದರ ಉಪಕಾರ ತಿಳಿದಿದೆ. ಬೇರ್ಪಡದ ಕ್ರಿಯಾಪದಗಳನ್ನೂ ಬೆರೆಸಿ, ಪ್ರತಿ ವಾಕ್ಯದ ಕೊನೆಯಲ್ಲೂ ಗೆರೆ ಎಳೆದು, 'ಬೇಡವಾದಲ್ಲಿ ಅಡ್ಡಗೆರೆ ಹಾಕಿ' ಎಂದು ಸೂಚಿಸಿದರೆ ಸಾಕು. ನಾನು ಅವಳಿಗೆ ಕೊಟ್ಟ ಜೋಡಿ ಇದು:

ಇಷ್ ____ ಮೈನೆ ಮುಟರ್ ____ . (ಆನ್‌ರೂಫೆನ್, ಫೋನ್ ಮಾಡು)
ಇಷ್ ____ ಮೈನೆ ಮುಟರ್ ____ . (ಫೆರ್‌ಶ್ಟೇಹೆನ್, ಅರ್ಥಮಾಡಿಕೊ)

ಮೊದಲನೆಯದಕ್ಕೆ ವರ್ತಮಾನದಲ್ಲಿ 'ರೂಫೆ – ಆನ್', ಭೂತದಲ್ಲಿ 'ಹಾಬೆ – ಆನ್‌ಗೆರೂಫೆನ್'. ಎರಡನೆಯದಕ್ಕೆ ವರ್ತಮಾನದಲ್ಲಿ 'ಫೆರ್‌ಶ್ಟೇಹೆ', ಕೊನೆಗೆ ಅಡ್ಡಗೆರೆ. ಭೂತದಲ್ಲಿ 'ಹಾಬೆ – ಫೆರ್‌ಶ್ಟಾಂಡೆನ್', ಇಲ್ಲಿ 'ಗೆ' ಇಲ್ಲವೇ ಇಲ್ಲ. ಗೆರೆಗಳು ಎರಡರಲ್ಲೂ ಒಂದೇ ಆದ್ದರಿಂದ ವಿದ್ಯಾರ್ಥಿ ಯೋಚಿಸದೆ ವಿಧಿಯಿಲ್ಲ. ಯೋಚಿಸುವ ದಾರಿ ಕಿವಿಯಲ್ಲಿದೆ. 'ಆನ್‌ರೂಫೆನ್' ಎನ್ನುವಾಗ ಒತ್ತು 'ಆನ್' ಮೇಲೆ ಬೀಳುತ್ತದೆ. ಒತ್ತು ಬಿದ್ದ ಉಪಸರ್ಗ ಬೇರ್ಪಡುತ್ತದೆ. 'ಫೆರ್' ಮೇಲೆ ಒತ್ತಿಲ್ಲ, ಅದು ಅಲುಗುವುದಿಲ್ಲ.

ಇದು ಬರಿಯ ಅಂಕದ ಮಾತಲ್ಲ. 'ಉಮ್‌ಫಾರೆನ್' ಎಂಬ ಪದಕ್ಕೆ ಎರಡು ಉಚ್ಚಾರಗಳಿವೆ. ಒತ್ತು 'ಉಮ್' ಮೇಲಿದ್ದರೆ 'ಎರ್ ಫೇರ್ಟ್ ಡೆನ್ ಹುಂಟ್ ಉಮ್', ಅಂದರೆ ವಾಹನ ನಾಯಿಗೆ ಗುದ್ದಿ ಅದನ್ನು ಕೆಡವುತ್ತದೆ. ಒತ್ತು ಧಾತುವಿನ ಮೇಲಿದ್ದರೆ 'ಎರ್ ಉಮ್‌ಫೇರ್ಟ್ ಡೆನ್ ಹುಂಟ್', ಅಂದರೆ ನಾಯಿಯನ್ನು ಬಳಸಿ ಹೋಗುತ್ತದೆ. ಭೂತಕಾಲದಲ್ಲಿ ಮೊದಲನೆಯದು 'ಉಮ್‌ಗೆಫಾರೆನ್', ಎರಡನೆಯದು 'ಉಮ್‌ಫಾರೆನ್'. ನಾಯಿ ಬದುಕಿತೇ ಇಲ್ಲವೇ ಎಂಬುದು ಒಂದು 'ಗೆ'ಯ ಮೇಲೆ ನಿಂತಿದೆ. ನಾಳೆ ಅಪಘಾತದ ಗಾಯಾಳುವಿನ ಮಾತನ್ನು ಕೇಳಿ ಬರೆದುಕೊಳ್ಳಬೇಕಾದ ದಾದಿಗೆ ಇದು ತಿಳಿದಿರಬೇಡವೆ?

ಅಧ್ಯಾಪಕರಾಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ಯಾವ ವಿಷಯ ಕಲಿಸುತ್ತಿದ್ದರೂ ತಮ್ಮ ಪ್ರಶ್ನೆಪತ್ರಿಕೆಯನ್ನು ಒಮ್ಮೆ ತಿರುಗಿ ನೋಡಲಿ. ಗೆರೆ ಎಳೆಯುವ ಮುನ್ನ, ಆ ಗೆರೆ ಏನನ್ನು ಹೇಳಿಕೊಡುತ್ತಿದೆ ಎಂದು ಕೇಳಿಕೊಳ್ಳಲಿ. ಹೊಗಳಿಕೆಯ ಅಂಕ ಕೊಟ್ಟು ಆಮೇಲೆ 'ಅಜಾಗರೂಕತೆ' ಎಂದು ಬರೆಯುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಮೊನ್ನೆ ಭಾನುವಾರ ಅವಳ ಫೋನ್ ಬಂತು. "ಮಾವ, ಇಷ್ ಹಾಬೆ ಮೈನೆ ಮುಟರ್ ಆನ್‌ಗೆರೂಫೆನ್" ಎಂದಳು. ಸರಿಯಾಗಿತ್ತು. ತಂಗಿಯನ್ನು ಕೇಳಿದೆ, ಅಮ್ಮನಿಗೆ ನಿಜವಾಗಿಯೂ ಫೋನ್ ಮಾಡಿದ್ದಳಂತೆ.