ನಾನೂರರಲ್ಲಿ ನಾಲ್ವರು

ಮೆಹದಿಪಟ್ಟಣಂನ ಸುತ್ತಮುತ್ತ ಕಾಲೇಜುಗಳಿಗೆ ಬರವಿಲ್ಲ. ಅಲ್ಲಿ ಓದುವ ನಮ್ಮವರ ಮಕ್ಕಳಿಗೆ ಈಗೊಂದು ಹೊಸ ಅಂಜಿಕೆ: ತಾವೇ ಬರೆದ ಅಸೈನ್‌ಮೆಂಟನ್ನು ತಂತ್ರಾಂಶವು ‘ಯಂತ್ರ ಬರೆದದ್ದು’ ಎಂದುಬಿಟ್ಟರೆ ಏನು ಗತಿ? ತಂತ್ರಾಂಶ ತಪ್ಪುವುದು ನೂರಕ್ಕೆ ಒಂದು ಸಲ ಮಾತ್ರ ಎಂಬ ಸಮಾಧಾನವೇನೋ ದೊರೆಯುತ್ತದೆ. ಆ ಒಂದರ ಲೆಕ್ಕವನ್ನೇ ನೋಡೋಣ.

ಒಬ್ಬ ಪ್ರಾಮಾಣಿಕ ವಿದ್ಯಾರ್ಥಿ ತಪ್ಪು ಗುರುತಿನಿಂದ ಪಾರಾಗುವ ಸಂಭವನೀಯತೆ 0.99. ಇಬ್ಬರೂ ಪಾರಾಗುವುದು 0.99 × 0.99. ಒಬ್ಬರ ಮೇಲಿನ ತಪ್ಪು ಇನ್ನೊಬ್ಬರದಕ್ಕೆ ಸಂಬಂಧಿಸಿಲ್ಲವೆಂದುಕೊಂಡು ಹೀಗೆಯೇ ಗುಣಿಸುತ್ತ ಹೋದರೆ, ನೂರು ಮಂದಿಯೂ ಪಾರಾಗುವುದು ಸುಮಾರು 0.37, ನಾನೂರು ಮಂದಿಯೂ ಪಾರಾಗುವುದು 0.018. ಅಂದರೆ ಒಬ್ಬನಾದರೂ ನಿರಪರಾಧಿ ಸಿಕ್ಕಿಬೀಳುವ ಸಂಭವ ನೂರಕ್ಕೆ ತೊಂಬತ್ತೆಂಟು. ಸರಾಸರಿಯಲ್ಲಿ ಸಿಕ್ಕಿಬೀಳುವವರು ನಾಲ್ವರು.

ಅಮೆರಿಕದ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯ ಇದೇ ಲೆಕ್ಕವನ್ನು ಹಾಕಿತು. 2022ರಲ್ಲಿ ಅದು ಟರ್ನಿಟಿನ್ ತಂತ್ರಾಂಶಕ್ಕೆ ಒಪ್ಪಿಸಿದ ಬರಹಗಳು 75,000. ಶೇಕಡ ಒಂದೆಂದರೆ ಸುಮಾರು 750 ಬರಹಗಳ ಮೇಲೆ ಸುಳ್ಳು ಆರೋಪ. 2023ರ ಆಗಸ್ಟ್‌ನಲ್ಲಿ ಅದು ಆ ಪತ್ತೆ ಸೌಲಭ್ಯವನ್ನೇ ನಿಲ್ಲಿಸಿತು; ಕಾರಣಗಳಲ್ಲಿ ಈ ಲೆಕ್ಕವೂ ಒಂದು.

‘ಗುರುತು ಬಿದ್ದಿದೆ, ತಪ್ಪಾಗುವ ಸಂಭವ ಶೇಕಡ ಒಂದೇ, ಆದ್ದರಿಂದ ಇವನು ತಪ್ಪಿತಸ್ಥನಾಗಿರುವುದು ಶೇಕಡ ತೊಂಬತ್ತೊಂಬತ್ತು’ ಎಂಬ ವಾದ ಇನ್ನೂ ಅಪಾಯಕಾರಿ. ಇದು ಪ್ರಶ್ನೆಯನ್ನೇ ತಿರುಗಿಸಿಬಿಡುತ್ತದೆ. ನಾನೂರರಲ್ಲಿ ಇಪ್ಪತ್ತು ಮಂದಿ ನಿಜವಾಗಿ ಯಂತ್ರದಿಂದ ಬರೆಸಿದ್ದಾರೆನ್ನಿ. ತಂತ್ರಾಂಶ ಅವರಲ್ಲಿ ಹದಿನಾರು ಮಂದಿಯನ್ನು ಹಿಡಿಯಿತೆನ್ನಿ. ಉಳಿದ 380 ಪ್ರಾಮಾಣಿಕರಲ್ಲಿ ಸುಮಾರು ನಾಲ್ವರ ಮೇಲೂ ಗುರುತು ಬೀಳುತ್ತದೆ. ಒಟ್ಟು ಇಪ್ಪತ್ತು, ಐವರಲ್ಲಿ ಒಬ್ಬ ನಿರಪರಾಧಿ. ಬರೆಸಿದವರು ಐವರೇ ಆಗಿದ್ದು ನಾಲ್ವರು ಸಿಕ್ಕಿದರೆ, ಗುರುತು ಬಿದ್ದವರಲ್ಲಿ ಅರ್ಧದಷ್ಟು ಮಂದಿ ನಿರಪರಾಧಿಗಳು. ತರಗತಿ ಪ್ರಾಮಾಣಿಕವಾದಷ್ಟೂ ಗುರುತಿನ ಬೆಲೆ ಇಳಿಯುತ್ತದೆ ಎಂಬುದು ವಿಚಿತ್ರವಾದರೂ ಸತ್ಯ.

ಇನ್ನು, ಈ ತಪ್ಪು ಎಲ್ಲರ ಮೇಲೂ ಸಮನಾಗಿ ಬೀಳುತ್ತದೆಂಬುದು ನಮ್ಮ ಔದಾರ್ಯ. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ತಂತ್ರಾಂಶಗಳಿಗೆ ಕೊಟ್ಟರು. ಸರಾಸರಿ ನೂರಕ್ಕೆ ಅರವತ್ತೊಂದು ಯಂತ್ರದ ಬರಹವೆಂದು ತೀರ್ಪಾಯಿತು. ಸೀಮಿತ ಶಬ್ದಗಳಲ್ಲಿ, ಸರಳ ವಾಕ್ಯಗಳಲ್ಲಿ ಬರೆಯುವುದೇ ಅಪರಾಧವೆನಿಸಿತು. ಉರ್ದು, ತೆಲುಗು, ಕನ್ನಡ ಮಾಧ್ಯಮಗಳಿಂದ ಬಂದು ಇಂಗ್ಲಿಷಿನಲ್ಲಿ ಎಚ್ಚರದಿಂದ ಬರೆಯುವ ನಮ್ಮ ಮಕ್ಕಳ ಬರಹವೂ ಹೀಗೆಯೇ ಅಲ್ಲವೆ? ಅವರ ಪಾಲಿಗೆ ಆ ‘ಶೇಕಡ ಒಂದು’ ಒಂದಾಗಿ ಉಳಿಯುವ ಭರವಸೆಯಿಲ್ಲ.

ಆದ್ದರಿಂದ ಗುರುತು ಬಿದ್ದೊಡನೆ ಅಂಕ ಕಳೆಯುವ ಕ್ರಮಕ್ಕೆ ನನ್ನ ಸಮ್ಮತಿಯಿಲ್ಲ. ಆ ವಿದ್ಯಾರ್ಥಿಯನ್ನು ಕರೆದು, ಹಳೆಯ ಕರಡುಗಳನ್ನು ನೋಡಿ, ಅವನದೇ ಬರಹದ ಮೇಲೆ ನಾಲ್ಕು ಪ್ರಶ್ನೆ ಕೇಳಲಿ. ಇಪ್ಪತ್ತು ಮಂದಿಗೆ ತಲಾ ಹತ್ತು ನಿಮಿಷವೆಂದರೂ ಮೂರೂವರೆ ಗಂಟೆ ಮೀರದು.